ಬಲ್ಬು ಮಿಣುಕುತ್ತಲೇ ಇದೆ, ಆ್ಯಪ್‌ಗೆ ಸಿಗುತ್ತಿಲ್ಲ: ಸ್ಮಾರ್ಟ್ ಬಲ್ಬು, ಪ್ಲಗ್ ಜೋಡಣೆ ಮತ್ತು ಶೆಡ್ಯೂಲ್ ದೋಷ ನಿವಾರಣೆ

ಆ್ಯಪ್ ತೆರೆದು Add Device ಒತ್ತಿದರೆ ಒಂದು ವೃತ್ತ ಸುತ್ತತೊಡಗುತ್ತದೆ. ಎರಡು ನಿಮಿಷ ಸುತ್ತಿ, ಕೊನೆಗೆ ಸಾಧನ ಸೇರಲಿಲ್ಲ ಎನ್ನುತ್ತದೆ. ಪಾಸ್‌ವರ್ಡ್ ತಪ್ಪಿದ್ದರೂ ಅದೇ ಮಾತು, ರೂಟರ್ ಒಪ್ಪದಿದ್ದರೂ ಅದೇ ಮಾತು, ಫೋನಿನಲ್ಲಿ ಒಂದು ಅನುಮತಿ ಕೊಡದೆ ಬಿಟ್ಟಿದ್ದರೂ ಅದೇ ಮಾತು. ಹಾಗಾಗಿ ಮತ್ತೆ ಮತ್ತೆ ಅದೇ ಗುಂಡಿ ಒತ್ತಿ ಪ್ರಯೋಜನವಿಲ್ಲ. ಜೋಡಣೆ ಎಲ್ಲಿಯವರೆಗೆ ಬಂದು ನಿಂತಿತು ಎಂಬುದನ್ನು ಮೊದಲು ಹಿಡಿಯಬೇಕು.

ಜೋಡಣೆಗೆ ನಾಲ್ಕು ಹೆಜ್ಜೆಗಳಿವೆ. ಬಲ್ಬು ಸಿದ್ಧವಾಗಿ ಕಾಯಬೇಕು. ಫೋನು ಅದಕ್ಕೆ ಮನೆಯ ವೈಫೈ ಹೆಸರು, ಪಾಸ್‌ವರ್ಡ್ ತಲುಪಿಸಬೇಕು. ಅದನ್ನು ಹಿಡಿದು ಬಲ್ಬು ರೂಟರ್‌ಗೆ ಸೇರಬೇಕು. ಆಮೇಲೆ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗಿ ನಿಮ್ಮ ಖಾತೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಇಲ್ಲಿ ಹೇಳುವ ಮಿಣುಕಿನ ಲೆಕ್ಕ, ಮೆನು ಹೆಸರುಗಳು ಟುಯಾ ಕಂಪನಿಯ Smart Life ಆ್ಯಪ್‌ನವು. ನಮ್ಮ ಅಂಗಡಿಗಳಲ್ಲಿ ಬೇರೆ ಬೇರೆ ಬ್ರ್ಯಾಂಡ್ ಹೆಸರಿನಲ್ಲಿ ಸಿಗುವ ಎಷ್ಟೋ ಬಲ್ಬು, ಪ್ಲಗ್‌ಗಳು ಒಳಗೊಳಗೆ ಇದೇ ಟುಯಾ ವೇದಿಕೆಯ ಮೇಲೆ ನಡೆಯುತ್ತವೆ. ಬೇರೆ ಆ್ಯಪ್ ಆದರೆ ಗುಂಡಿಗಳ ಹೆಸರು ಬದಲಾಗಬಹುದು, ಹೆಜ್ಜೆಗಳು ಬದಲಾಗುವುದಿಲ್ಲ.

ಮೊದಲು ಮಿಣುಕನ್ನು ನೋಡಿ

ಹೊಸ ಬಲ್ಬನ್ನು ಹೋಲ್ಡರ್‌ಗೆ ಹಾಕಿ ಸ್ವಿಚ್ ಒತ್ತಿದರೆ ಅದು ಚಕಚಕನೆ, ಸೆಕೆಂಡಿಗೆ ಎರಡು ಸಲದಂತೆ ಮಿಣುಕಬೇಕು. ಅದು ಸಾಮಾನ್ಯ ಜೋಡಣೆಯ ಸ್ಥಿತಿ. ಮೂರು ಸೆಕೆಂಡಿಗೊಮ್ಮೆ ನಿಧಾನವಾಗಿ ಮಿಣುಕಿದರೆ ಅದು AP ಸ್ಥಿತಿ, ಅಂದರೆ ಬಲ್ಬು ತಾನೇ ಒಂದು ಸಣ್ಣ ಹಾಟ್‌ಸ್ಪಾಟ್ ತೆರೆದು ಕೂತಿದೆ. ಮಿಣುಕದೆ ಸುಮ್ಮನೆ ಉರಿಯುತ್ತಿದ್ದರೆ ಅದು ಯಾವ ಫೋನಿಗೂ ಕಾಯುತ್ತಿಲ್ಲ. ಆಗ ಆ್ಯಪ್‌ನಲ್ಲಿ ಏನು ಮಾಡಿದರೂ ಫಲವಿಲ್ಲ, ಮೊದಲು ರೀಸೆಟ್ ಮಾಡಬೇಕು.

ಬಲ್ಬಿಗೆ ಗುಂಡಿ ಇಲ್ಲದಿರುವುದರಿಂದ ಗೋಡೆಯ ಸ್ವಿಚ್ಚಿನಿಂದಲೇ ರೀಸೆಟ್ ಮಾಡಬೇಕು. ಹತ್ತು ಸೆಕೆಂಡು ಆರಿಸಿಡಿ. ಆಮೇಲೆ ಹಚ್ಚಿ-ಆರಿಸಿ, ಹಚ್ಚಿ-ಆರಿಸಿ, ಮೂರನೆಯ ಸಲ ಹಚ್ಚಿ ಹಾಗೇ ಬಿಡಿ. ಕೆಲವು ಬಲ್ಬುಗಳಿಗೆ ಐದು ಸಲ ಬೇಕು, ಡಬ್ಬಿಯ ಚೀಟಿಯಲ್ಲಿ ಬರೆದಿರುತ್ತದೆ. ಹೆಚ್ಚಿನವರು ಎಡವುವುದು ವೇಗದಲ್ಲಿ. ಬಲ್ಬಿನೊಳಗಿನ ಕೆಪಾಸಿಟರ್ ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಟಕಟಕನೆ ಸ್ವಿಚ್ ಆಡಿಸಿದರೆ ಒಳಗಿನ ಚಿಪ್‌ಗೆ ಕರೆಂಟು ಹೋಗಿದ್ದೇ ಗೊತ್ತಾಗುವುದಿಲ್ಲ. ಪ್ರತಿ ಸಲವೂ ಬೆಳಕು ಪೂರ್ತಿ ಆರಿದ್ದನ್ನು ಕಣ್ಣಾರೆ ನೋಡಿ, ಮನಸ್ಸಿನಲ್ಲೇ ಒಂದು ಎಣಿಸಿ, ಆಮೇಲೆ ಹಚ್ಚಿ. ಪ್ಲಗ್ ಆದರೆ ಇಷ್ಟು ಕಷ್ಟವಿಲ್ಲ, ಅದರ ಮೈಮೇಲಿನ ಗುಂಡಿಯನ್ನು ಐದಾರು ಸೆಕೆಂಡು ಒತ್ತಿ ಹಿಡಿದರೆ ದೀಪ ಮಿಣುಕತೊಡಗುತ್ತದೆ.

ಈ ಮಿಣುಕು ಹೆಚ್ಚು ಹೊತ್ತು ಇರುವುದಿಲ್ಲ. ಮೂರು ನಿಮಿಷದ ಆಸುಪಾಸಿನಲ್ಲಿ ಯಾರೂ ಮಾತಾಡಿಸದಿದ್ದರೆ ಬಲ್ಬು ಕಾಯುವುದನ್ನು ಬಿಟ್ಟುಬಿಡುತ್ತದೆ. ಖಾತೆ ತೆರೆದು, ಒಟಿಪಿ ಹಾಕಿ, ಪಾಸ್‌ವರ್ಡ್ ಹುಡುಕಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಆದ್ದರಿಂದ ಆ್ಯಪ್‌ನ ಕೆಲಸವನ್ನೆಲ್ಲ ಮುಗಿಸಿ, ಪಾಸ್‌ವರ್ಡ್ ಹಾಕುವ ಪರದೆಯವರೆಗೆ ಬಂದು, ಆಮೇಲೆ ಬಲ್ಬನ್ನು ರೀಸೆಟ್ ಮಾಡಿ.

ಒಂದು ಎಚ್ಚರಿಕೆ. ಡಿಮ್ಮರ್ ಅಥವಾ ಫ್ಯಾನ್ ರೆಗ್ಯುಲೇಟರ್ ಇರುವ ಪಾಯಿಂಟಿಗೆ ಸ್ಮಾರ್ಟ್ ಬಲ್ಬು ಹಾಕಬೇಡಿ. ಅಲ್ಲಿ ಅದು ತಾಳವಿಲ್ಲದೆ ನಡುಗುತ್ತದೆ, ನೋಡುವವರಿಗೆ ಜೋಡಣೆಯ ಮಿಣುಕಿನಂತೆ ಕಾಣುತ್ತದೆ. ಅಮೆರಿಕದಿಂದ ತಂದ ಬಲ್ಬಾದರೆ ಅದರ ಕತ್ತಿನ ಮೇಲಿನ ಅಕ್ಷರ ಓದಿ. 120V ಎಂದಷ್ಟೇ ಬರೆದಿದ್ದರೆ ನಮ್ಮ 230 ವೋಲ್ಟಿಗೆ ಹಾಕಲೇಬಾರದು.

2.4 ಮತ್ತು 5 ಗಿಗಾಹರ್ಟ್ಸ್: ಹೆಚ್ಚಿನ ಸಲ ದೋಷ ಇಲ್ಲೇ

ಬಲ್ಬು ಸರಿಯಾಗಿ ಮಿಣುಕುತ್ತಿದ್ದೂ ಜೋಡಣೆ ಆಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ವೈಫೈನ ಪಟ್ಟಿಯನ್ನು, ಅಂದರೆ ಬ್ಯಾಂಡನ್ನು. ಈಗಿನ ಫೈಬರ್ ರೂಟರ್‌ಗಳು ಏಕಕಾಲಕ್ಕೆ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಪ್ರಸಾರ ಮಾಡುತ್ತವೆ. ಮಾರುಕಟ್ಟೆಯ ಹೆಚ್ಚಿನ ಸ್ಮಾರ್ಟ್ ಬಲ್ಬು, ಪ್ಲಗ್‌ಗಳಿಗೆ ಕೇಳಿಸುವುದು 2.4 ಮಾತ್ರ. ಅಗ್ಗದ ಚಿಪ್ ಎಂಬುದು ಒಂದು ಕಾರಣ, ಗೋಡೆ ದಾಟುವುದರಲ್ಲಿ 2.4 ಮೇಲು ಎಂಬುದು ಇನ್ನೊಂದು. ರೂಟರ್ ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರೆ ಫೋನು ವೇಗ ಹೆಚ್ಚಿರುವ 5ಕ್ಕೆ ಹೋಗಿ ಕೂರುತ್ತದೆ. ಬಲ್ಬು 2.4ರಲ್ಲಿ ಕಿವಿಗೊಟ್ಟು ಕಾಯುತ್ತಿರುತ್ತದೆ. ಒಂದೇ ಮನೆಯಲ್ಲಿದ್ದೂ ಇಬ್ಬರ ಮಾತು ಒಬ್ಬರಿಗೊಬ್ಬರಿಗೆ ಮುಟ್ಟುವುದಿಲ್ಲ.

ಇದು ಯಾಕೆ ಹೀಗೆ ಎಂಬುದು ತಿಳಿದಿದ್ದರೆ ಪರಿಹಾರವೂ ಸುಲಭ. ಚಕಚಕ ಮಿಣುಕುವ ಬಲ್ಬಿಗೆ ಇನ್ನೂ ಪಾಸ್‌ವರ್ಡ್ ಗೊತ್ತಿಲ್ಲ, ಆದ್ದರಿಂದ ನಿಮ್ಮ ವೈಫೈನಲ್ಲಿ ಓಡಾಡುವ ಗೂಢಲಿಪಿಯ ಸಂದೇಶಗಳನ್ನು ಅದು ಓದಲಾರದು. ಆದರೆ ಒಂದೊಂದು ಸಂದೇಶ ಎಷ್ಟು ಉದ್ದವಿದೆ ಎಂದು ಅಳೆಯಬಲ್ಲದು. ಆ್ಯಪ್ ಮಾಡುವ ಉಪಾಯ ಇಷ್ಟೇ: ಪಾಸ್‌ವರ್ಡಿನ ಅಕ್ಷರಗಳಿಗೆ ತಕ್ಕಂತೆ ಬೇರೆ ಬೇರೆ ಉದ್ದದ ಸಂದೇಶಗಳನ್ನು ಸಾಲಾಗಿ ಗಾಳಿಗೆ ಬಿಡುತ್ತದೆ. ಬಲ್ಬು ಆ ಉದ್ದಗಳನ್ನು ಎಣಿಸಿ ಅಕ್ಷರಗಳನ್ನು ಕೂಡಿಸಿಕೊಳ್ಳುತ್ತದೆ. ಮುಚ್ಚಿದ ಲಕೋಟೆಗಳ ಒಳಗೇನಿದೆ ಎಂದು ನೋಡದೆ, ಅವುಗಳ ಗಾತ್ರದಿಂದಲೇ ಸುದ್ದಿ ತಿಳಿದುಕೊಂಡಂತೆ. ಫೋನು 5ರಲ್ಲಿದ್ದರೆ ಆ ಲಕೋಟೆಗಳು ಬಲ್ಬಿನ ಕಣ್ಣಿಗೇ ಬೀಳುವುದಿಲ್ಲ.

ಹೊಸ ಬಲ್ಬುಗಳು ಹೆಸರು, ಪಾಸ್‌ವರ್ಡನ್ನು ಬ್ಲೂಟೂತ್‌ನಲ್ಲಿ ಪಡೆಯುತ್ತವೆ. ಅವುಗಳಿಗೆ ಫೋನು ಯಾವ ಪಟ್ಟಿಯಲ್ಲಿದೆ ಎಂಬುದು ಮುಖ್ಯವಲ್ಲ. ಆದರೆ ನೀವು ಕೊಟ್ಟ ಹೆಸರು 5ರ ಹೆಸರಾಗಿದ್ದರೆ ಅವೂ ಸೋಲುತ್ತವೆ. ಸಾಮಾನ್ಯವಾಗಿ 5G ಎಂದು ಕೊನೆಯಾಗುವ ಹೆಸರು ಅದು. ಒಮ್ಮೆ ಜೋಡಣೆ ಮುಗಿದ ಮೇಲೆ ಫೋನು ಎಲ್ಲಿದ್ದರೂ ಸರಿ, ಬಲ್ಬು ಮಾತು ಕೇಳುತ್ತದೆ.

ನಿಮ್ಮ ಫೋನು ಈಗ ಯಾವುದರಲ್ಲಿದೆ ಎಂದು ತಿಳಿಯಲು ಆಂಡ್ರಾಯ್ಡ್‌ನಲ್ಲಿ ವೈಫೈ ಹೆಸರಿನ ಪಕ್ಕದ ಗುರುತು ಒತ್ತಿ Frequency ಎಂಬ ಸಾಲು ನೋಡಿ.

ತಪ್ಪು ಬಲ್ಬಿನದೋ ರೂಟರ್‌ನದೋ: ಹಾಟ್‌ಸ್ಪಾಟ್ ಪರೀಕ್ಷೆ

ರೂಟರ್‌ಗೆ ಕೈ ಹಾಕುವ ಮೊದಲು ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ. ಇದಕ್ಕೆ ಎರಡು ಫೋನು ಬೇಕು. ಮನೆಯಲ್ಲಿರುವ ಇನ್ನೊಬ್ಬರ ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿ, ಅದರ ಸೆಟ್ಟಿಂಗ್‌ನಲ್ಲಿ ಪಟ್ಟಿಯನ್ನು 2.4 GHz ಎಂದು ಆರಿಸಿ. ಐಫೋನ್ ಆದರೆ Maximize Compatibility ಹಚ್ಚಿದರೆ ಅದೇ ಕೆಲಸವಾಗುತ್ತದೆ. ಹೆಸರು, ಪಾಸ್‌ವರ್ಡ್ ಎರಡನ್ನೂ ಸರಳವಾದ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಇಡಿ. ನಿಮ್ಮ ಫೋನನ್ನು ಆ ಹಾಟ್‌ಸ್ಪಾಟ್‌ಗೆ ಸೇರಿಸಿ, ಬಲ್ಬನ್ನು ರೀಸೆಟ್ ಮಾಡಿ, ಜೋಡಣೆ ಮಾಡಿ.

ಬಲ್ಬು ಸೇರಿಕೊಂಡರೆ ಬಲ್ಬು, ಆ್ಯಪ್, ಖಾತೆ, ಫೋನಿನ ಅನುಮತಿ ಎಲ್ಲವೂ ಸರಿ ಇವೆ. ತಪ್ಪು ರೂಟರ್‌ನ ಸೆಟ್ಟಿಂಗ್‌ನಲ್ಲಿ ಅಥವಾ ನೀವು ಹಾಕಿದ ಮನೆಯ ವೈಫೈ ಪಾಸ್‌ವರ್ಡಿನಲ್ಲಿ ಇದೆ. ಹಾಟ್‌ಸ್ಪಾಟ್‌ಗೂ ಸೇರದಿದ್ದರೆ ರೂಟರ್ ಅನ್ನು ಬಿಟ್ಟು ಫೋನಿನ ಕಡೆ ನೋಡಿ. ಎರಡನೆಯ ಫೋನಿನ ಆ್ಯಪ್‌ನಿಂದ ಮಾಡಿದರೂ ಸೇರದಿದ್ದಾಗ ಮಾತ್ರ ಬಲ್ಬನ್ನು ಅಂಗಡಿಗೆ ವಾಪಸು ಕೊಡುವ ಯೋಚನೆ ಮಾಡಬಹುದು. ಈ ಪರೀಕ್ಷೆ ಮಾಡದೆ ವಾಪಸು ಹೋಗುವ ಬಲ್ಬುಗಳಲ್ಲಿ ಚೆನ್ನಾಗಿರುವವೂ ಸೇರಿರುತ್ತವೆ.

ರೂಟರ್‌ನಲ್ಲಿ ಬದಲಿಸಬೇಕಾದ ನಾಲ್ಕು ಸಾಲು

ಒಂದು ಮನೆಯ ಉದಾಹರಣೆ ತೆಗೆದುಕೊಳ್ಳೋಣ. ರೂಟರ್ ಹಾಲ್‌ನ ಟಿವಿ ಪಕ್ಕದಲ್ಲಿದೆ, 9 ವ್ಯಾಟಿನ ಪಿನ್ ಹೋಲ್ಡರ್ ಬಲ್ಬು ಹೊರಗಿನ ಜಗಲಿಯಲ್ಲಿದೆ. ವೈಫೈ ಹೆಸರು ಎರಡು ಪಟ್ಟಿಗೂ Mane ಎಂದೇ ಇದೆ. ಫೋನಿನಲ್ಲಿ 5 GHz ಎಂದು ತೋರಿಸುತ್ತದೆ. ಹಾಟ್‌ಸ್ಪಾಟ್‌ನಲ್ಲಿ ಬಲ್ಬು ಸೇರಿತು, ಮನೆಯ ವೈಫೈಗೆ ಸೇರಲಿಲ್ಲ.

ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ತೆರೆಯಿರಿ. ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ವಿಳಾಸ, ಲಾಗಿನ್ ಎರಡೂ ರೂಟರ್‌ನ ತಳದ ಚೀಟಿಯಲ್ಲಿ ಸಿಗುತ್ತವೆ. ವೈಫೈ ಪುಟದಲ್ಲಿ Band Steering ಅಥವಾ Smart Connect ಎಂಬುದನ್ನು ಆಫ್ ಮಾಡಿ. ಆಗ ಎರಡು ಪಟ್ಟಿಗಳೂ ಬೇರೆ ಬೇರೆಯಾಗಿ ಕಾಣುತ್ತವೆ. 5ರ ಹೆಸರನ್ನು Mane ಎಂದೇ ಬಿಡಿ, 2.4ಕ್ಕೆ ಹೀಗೆ ಕೊಡಿ:

```
SSID: Mane_2G
Security: WPA2-PSK / AES
Channel: 6
Channel Width: 20 MHz
```

ಹೆಸರು ಬೇರೆ ಮಾಡುವ ಕಾರಣವನ್ನು ಆಗಲೇ ಹೇಳಿದ್ದಾಯಿತು. ಎರಡನೆಯ ಸಾಲು, ಭದ್ರತೆ: WPA3 ಮಾತ್ರ ಇಟ್ಟರೆ ಅದನ್ನು ಅರಿಯದ ಬಲ್ಬು ಬಾಗಿಲಲ್ಲೇ ನಿಲ್ಲುತ್ತದೆ. WPA2/WPA3 ಮಿಶ್ರ ಆಯ್ಕೆಯಲ್ಲೂ ಕೆಲವು ಬಲ್ಬುಗಳು ತಡವರಿಸುತ್ತವೆ. ಮೂರನೆಯದು ಚಾನೆಲ್. Auto ಇಟ್ಟಾಗ ರೂಟರ್ 12 ಅಥವಾ 13ನೇ ಚಾನೆಲ್‌ಗೆ ಹೋಗಬಹುದು. ಭಾರತದಲ್ಲಿ ಅದಕ್ಕೆ ಅಡ್ಡಿಯಿಲ್ಲ, ಆದರೆ ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಸಾಧನಕ್ಕೆ 11ರವರೆಗೆ ಮಾತ್ರ ಕಾಣುತ್ತದೆ. ಮೊನ್ನೆಯವರೆಗೆ ಚೆನ್ನಾಗಿದ್ದ ಬಲ್ಬು ರೂಟರ್ ರೀಸ್ಟಾರ್ಟ್ ಆದ ಮೇಲೆ ಮಾಯವಾದರೆ ಇದನ್ನು ನೋಡಲೇಬೇಕು. 1, 6, 11ರಲ್ಲಿ ಒಂದನ್ನು ಆರಿಸಿ ಗಟ್ಟಿ ಮಾಡಿಬಿಡಿ. 40 ಮೆಗಾಹರ್ಟ್ಸ್ ಅಗಲ ಇಟ್ಟರೆ ಪಕ್ಕದ ಮನೆಗಳ ವೈಫೈ ಜೊತೆ ತಾಕಲಾಟ ಹೆಚ್ಚು. ಬಲ್ಬಿಗೆ ಬೇಕಾದ ಮಾಹಿತಿ ಅತ್ಯಲ್ಪ, 20 ಧಾರಾಳ ಸಾಕು.

ಈಗ ಫೋನನ್ನು Mane_2G ಗೆ ಸೇರಿಸಿ. ಬಲ್ಬನ್ನು ಜಗಲಿಯಿಂದ ಬಿಚ್ಚಿ, ಹಾಲ್‌ನಲ್ಲಿ ರೂಟರ್‌ನಿಂದ ಮೂರು ಮೀಟರ್ ಒಳಗಿನ ಹೋಲ್ಡರ್‌ಗೆ ಹಾಕಿ ಜೋಡಿಸಿ. ಸೇರಿದ ಮೇಲೆ ಜಗಲಿಗೆ ಒಯ್ಯಿರಿ. ಅಲ್ಲಿ ಹಚ್ಚಿದ ಒಂದು ನಿಮಿಷದೊಳಗೆ ಅದು ಆ್ಯಪ್‌ನಲ್ಲಿ ಕಾಣಬೇಕು. ಕಾಣದಿದ್ದರೆ ಸೆಟ್ಟಿಂಗ್ ತಪ್ಪಿಲ್ಲ, ಸಿಗ್ನಲ್ ಸಾಲದು. ಜಗಲಿಯಲ್ಲಿ ಫೋನಿಗೆ ಎರಡು ಗೀಟು ಬಂದರೂ ಬಲ್ಬಿಗೆ ಬಂದೀತು ಎನ್ನುವ ಹಾಗಿಲ್ಲ, ಅದರ ಆಂಟೆನಾ ಬೆರಳಿನ ಉಗುರಿನಷ್ಟಿದೆ. ಮೇಲೆ ಲೋಹದ ಬುಟ್ಟಿಯಿದ್ದರೆ ಇನ್ನೂ ಕಷ್ಟ. ಒಂದು ಮೀಟರ್ ಆಚೆ ಈಚೆ ರೂಟರ್ ಸರಿಸಿದರೂ ವ್ಯತ್ಯಾಸ ಕಾಣಬಹುದು.

ಪಿಜಿ, ಹಾಸ್ಟೆಲ್, ಆಫೀಸಿನಲ್ಲಿರುವವರು ಒಂದು ಮಾತು ತಿಳಿದಿರಬೇಕು. ಬ್ರೌಸರ್‌ನಲ್ಲಿ ಲಾಗಿನ್ ಪುಟ ತೆರೆದುಕೊಳ್ಳುವ ವೈಫೈಗೆ ಬಲ್ಬು ಸೇರಲಾರದು, ಆ ಪುಟ ತುಂಬುವವರು ಯಾರೂ ಇಲ್ಲ. ಯೂಸರ್ ಹೆಸರು, ಪಾಸ್‌ವರ್ಡ್ ಎರಡನ್ನೂ ಕೇಳುವ ಆಫೀಸ್ ವೈಫೈಗೂ ಸೇರದು.

ಫೋನಿನ ಕಡೆಯ ತಪ್ಪುಗಳು

ಹಾಟ್‌ಸ್ಪಾಟ್ ಪರೀಕ್ಷೆಯಲ್ಲೂ ಸೋತಿದ್ದರೆ ಇಲ್ಲಿ ಹುಡುಕಿ. ಆಂಡ್ರಾಯ್ಡ್‌ನಲ್ಲಿ ಸುತ್ತಲಿನ ವೈಫೈ ಹುಡುಕಲು ಆ್ಯಪ್‌ಗೆ ಲೊಕೇಶನ್ ಅನುಮತಿ ಬೇಕು, ಜೊತೆಗೆ ಫೋನಿನ ಲೊಕೇಶನ್ ಹಚ್ಚಿಯೂ ಇರಬೇಕು. ಅನುಮತಿ ಕೊಟ್ಟು ಲೊಕೇಶನ್ ಆಫ್ ಮಾಡಿಟ್ಟವರು ಬಹಳ. ಐಫೋನ್‌ನಲ್ಲಿ ಐಒಎಸ್ 14ರಿಂದ Local Network ಎಂಬ ಬೇರೆ ಅನುಮತಿ ಇದೆ. ಮೊದಲ ದಿನ ಅದು ಕೇಳಿದಾಗ ಬೇಡ ಎಂದಿದ್ದರೆ ಆ್ಯಪ್ ಮತ್ತೆ ಕೇಳುವುದಿಲ್ಲ, Settings ಒಳಗೆ ಹೋಗಿ ನೀವೇ ಹಚ್ಚಬೇಕು. ವಿಪಿಎನ್ ಇದ್ದರೆ ಜೋಡಣೆ ಮುಗಿಯುವವರೆಗೆ ಆಫ್ ಮಾಡಿ.

ನಿಧಾನ ಮಿಣುಕಿನ AP ಸ್ಥಿತಿಯಲ್ಲಿ ಇನ್ನೊಂದು ತೊಡಕಿದೆ. ಫೋನು SmartLife ಅಥವಾ SL ಎಂದು ಶುರುವಾಗುವ ಬಲ್ಬಿನ ಹಾಟ್‌ಸ್ಪಾಟ್‌ಗೆ ಸೇರಬೇಕು. ಅದರಲ್ಲಿ ಇಂಟರ್ನೆಟ್ ಇರುವುದಿಲ್ಲ. ಫೋನು ಅದನ್ನು ನೋಡಿ ತಾನಾಗಿ ಮೊಬೈಲ್ ಡೇಟಾಗೆ ಜಾರಿಕೊಳ್ಳುತ್ತದೆ, ಸಂಪರ್ಕ ಕಡಿಯುತ್ತದೆ. ಆ ಎರಡು ನಿಮಿಷ ಮೊಬೈಲ್ ಡೇಟಾ ಆಫ್ ಮಾಡಿ, ಇಂಟರ್ನೆಟ್ ಇಲ್ಲ, ಹೀಗೇ ಇರಬೇಕೇ ಎಂದು ಕೇಳಿದರೆ ಹೌದು ಎನ್ನಿ.

ಪಾಸ್‌ವರ್ಡ್ ಬಗ್ಗೆ ಒಂದು ಕಿವಿಮಾತು. ಬಲ್ಬಿಗೆ ಪರದೆ ಇಲ್ಲ, ಹಾಗಾಗಿ ಪಾಸ್‌ವರ್ಡ್ ತಪ್ಪು ಎಂದು ಅದು ತಕ್ಷಣ ಹೇಳಲಾರದು, ಸುಮ್ಮನೆ ಸಮಯ ಮುಗಿಯುತ್ತದೆ. ಆ್ಯಪ್ ಹಿಂದಿನ ಪಾಸ್‌ವರ್ಡನ್ನು ನೆನಪಿಟ್ಟು ತಾನೇ ತುಂಬುತ್ತದೆ. ರೂಟರ್ ಪಾಸ್‌ವರ್ಡ್ ಬದಲಿಸಿದ ಮನೆಯಲ್ಲಿ ಇದೇ ತಪ್ಪು. ಕಣ್ಣಿನ ಗುರುತು ಒತ್ತಿ, ಅಕ್ಷರಗಳನ್ನು ಕಾಣುವಂತೆ ಮಾಡಿ, ಕೊನೆಯಲ್ಲಿ ಖಾಲಿ ಜಾಗ ಉಳಿದಿಲ್ಲ ಎಂದು ನೋಡಿಕೊಳ್ಳಿ.

ವೈಫೈಗೆ ಕನ್ನಡದಲ್ಲಿ ಹೆಸರಿಡುವ ಆಸೆ ನಮ್ಮೆಲ್ಲರಿಗೂ ಇದೆ. ಅದರ ಲೆಕ್ಕ ಹೀಗಿದೆ. ವೈಫೈ ಹೆಸರಿಗೆ ಇರುವ ಜಾಗ 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದಲ್ಲಿ ಅಕ್ಷರ, ಒತ್ತಕ್ಷರ ಮಾಡುವ ಗುರುತು, ಸ್ವರಚಿಹ್ನೆ ಒಂದೊಂದಕ್ಕೂ ಮೂರು. 'ನಮ್ಮಮನೆ' ಎಂದರೆ ಏಳು ತುಂಡು, 21 ಬೈಟ್, ಅದು ಹಿಡಿಸುತ್ತದೆ. 'ನಮ್ಮ ಮನೆ ವೈಫೈ' ಎಂದರೆ 35 ಬೈಟ್, ಹಿಡಿಸುವುದಿಲ್ಲ. ಹಿಡಿಸಿದ ಹೆಸರನ್ನೂ ಎಲ್ಲ ಬಲ್ಬುಗಳು ಸರಿಯಾಗಿ ಓದುವುದಿಲ್ಲ. ಕನ್ನಡದ ಹೆಸರನ್ನು 5ಕ್ಕೆ ಇಟ್ಟುಕೊಳ್ಳಿ, ಬಲ್ಬುಗಳು ಸೇರುವ 2.4ಕ್ಕೆ ಇಂಗ್ಲಿಷ್ ಅಕ್ಷರ ಇರಲಿ.

ರೂಟರ್‌ಗೆ ಸೇರಿಯೂ ಕೊನೆಯ ಹೆಜ್ಜೆಯಲ್ಲಿ, ಬೇರೆ ಖಾತೆಯಲ್ಲಿ ಇದೆ ಎಂದು ನಿಂತರೆ ಆ ಬಲ್ಬು ಹಿಂದೆ ಇನ್ನೊಬ್ಬರ ಆ್ಯಪ್‌ನಲ್ಲಿ ಇತ್ತು. ಮನೆಯವರದೇ ಇನ್ನೊಂದು ಫೋನಿರಬಹುದು. ಅಲ್ಲಿಂದ Remove Device ಮಾಡಿಸಬೇಕು, ರೀಸೆಟ್ ಒಂದರಿಂದಲೇ ಅದು ಬಿಡುಗಡೆ ಆಗದಿರಬಹುದು.

ಸೇರಿತು, ಆದರೆ ಹೇಳಿದ ಹೊತ್ತಿಗೆ ಹತ್ತುವುದಿಲ್ಲ

ಸಾಧನದ ಪುಟದಲ್ಲಿ Schedule ಒತ್ತಿ, Add Schedule, ಸಮಯ, Repeat, ON ಅಥವಾ OFF, Save. ಮಾಡುವುದು ಇಷ್ಟೇ. ಹಚ್ಚಲು ಒಂದು, ಆರಿಸಲು ಇನ್ನೊಂದು, ಹೀಗೆ ಎರಡು ಬೇಕು. ದೋಷ ಬಂದಾಗ ಅದು ಹೇಗೆ ತಪ್ಪುತ್ತಿದೆ ಎಂಬುದೇ ಕಾರಣ ಹೇಳುತ್ತದೆ.

ಮೊದಲ ದಿನ ಹತ್ತಿ ಮಾರನೆಯ ದಿನದಿಂದ ನಿಂತುಹೋದರೆ Repeat ನೋಡಿ. ಅದು ತಾನಾಗಿ Once ಎಂದಿರುತ್ತದೆ. ಏಳೂ ದಿನಗಳನ್ನು ಒಂದೊಂದಾಗಿ ಗುರುತಿಸಬೇಕು.

ದಿನವೂ ಹತ್ತುತ್ತದೆ, ಆದರೆ ಗಂಟೆಗಟ್ಟಲೆ ಆಚೀಚೆ ಎಂದಾದರೆ ಅದು ಕಾಲವಲಯದ ತಪ್ಪು, ವ್ಯತ್ಯಾಸವನ್ನು ಅಳೆದರೆ ಎಲ್ಲಿಯ ಸಮಯ ಹಿಡಿದಿದೆ ಎಂಬುದೂ ಗೊತ್ತಾಗುತ್ತದೆ. ಸಂಜೆ 6:30ಕ್ಕೆ ಇಟ್ಟ ದೀಪ ನಡುರಾತ್ರಿ 12ಕ್ಕೆ ಸರಿಯಾಗಿ ಹತ್ತಿದರೆ, ಅಂದರೆ ಐದೂವರೆ ಗಂಟೆ ತಡ, ಬಲ್ಬು ಗ್ರೀನ್‌ವಿಚ್ ಸಮಯದಲ್ಲಿದೆ. ಸಂಜೆ 4ಕ್ಕೇ ಹತ್ತಿದರೆ, ಅಂದರೆ ಎರಡೂವರೆ ಗಂಟೆ ಮೊದಲು, ಅದು ಚೀನಾದ ಸಮಯದಲ್ಲಿದೆ. ಸಾಧನದ ಪುಟದ ಮೂಲೆಯ ಪೆನ್ಸಿಲ್ ಗುರುತು ಒತ್ತಿ Device Information ತೆರೆದರೆ Device Time Zone ಕಾಣುತ್ತದೆ. ಅಲ್ಲಿ Asia/Kolkata ಅಥವಾ Asia/Calcutta ಇರಬೇಕು. ಇಲ್ಲದಿದ್ದರೆ ಫೋನಿನ ಕಾಲವಲಯ ಸರಿಪಡಿಸಿ, ಸಾಧನವನ್ನು ತೆಗೆದು ಮತ್ತೆ ಸೇರಿಸುವುದು ಖಚಿತವಾದ ದಾರಿ. ಸಾಧನ ತೆಗೆದರೆ ಅದರ ಶೆಡ್ಯೂಲ್‌ಗಳೂ ಹೋಗುತ್ತವೆ, ಮೊದಲೇ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ವಿದೇಶದಲ್ಲಿರುವ ಮಕ್ಕಳು ಊರಿನ ಮನೆಯ ದೀಪಕ್ಕೆ ಅಲ್ಲಿಂದಲೇ ಶೆಡ್ಯೂಲ್ ಇಡುವಾಗ ಈ ಸಾಲನ್ನು ನೋಡಿಯೇ ಮುಂದುವರಿಯಬೇಕು.

ನಡುರಾತ್ರಿ ದಾಟುವ ಶೆಡ್ಯೂಲ್‌ನಲ್ಲಿ ದಿನದ ಲೆಕ್ಕ ತಪ್ಪುತ್ತದೆ. ಸೋಮವಾರದಿಂದ ಶುಕ್ರವಾರ ಸಂಜೆ 7ಕ್ಕೆ ಹಚ್ಚಿ ರಾತ್ರಿ 1ಕ್ಕೆ ಆರಿಸಬೇಕು ಎಂದುಕೊಳ್ಳಿ. ಎರಡಕ್ಕೂ ಸೋಮ-ಶುಕ್ರ ಎಂದೇ ಗುರುತಿಸಿದರೆ, ಶುಕ್ರವಾರ ಸಂಜೆ ಹತ್ತಿದ ದೀಪವನ್ನು ಶನಿವಾರ ರಾತ್ರಿ 1ಕ್ಕೆ ಆರಿಸುವವರು ಇಲ್ಲ. ಅದು ಸೋಮವಾರ 1 ಗಂಟೆಯವರೆಗೆ, 54 ತಾಸು ಉರಿಯುತ್ತದೆ. ಆರಿಸುವುದನ್ನು ಮಂಗಳವಾರದಿಂದ ಶನಿವಾರಕ್ಕೆ ಇಡಬೇಕು.

ಕೆಲವು ದಿನ ಹತ್ತಿ ಕೆಲವು ದಿನ ಹತ್ತದಿದ್ದರೆ ಕಾರಣ ಆ್ಯಪ್‌ನಲ್ಲಿ ಸಿಗುವುದಿಲ್ಲ, ಮನೆಯ ಅಭ್ಯಾಸದಲ್ಲಿ ಸಿಗುತ್ತದೆ. ಯಾರೋ ಗೋಡೆಯ ಸ್ವಿಚ್ ಆರಿಸಿರುತ್ತಾರೆ. ಸ್ವಿಚ್ ಆರಿದರೆ ಬಲ್ಬಿನ ಚಿಪ್‌ಗೂ ಕರೆಂಟಿಲ್ಲ, ಆ್ಯಪ್‌ನಲ್ಲಿ Offline ಎಂದು ಕಾಣುತ್ತದೆ. ದೀಪ ಆರಿಸಿ ಮಲಗುವುದು ದೊಡ್ಡವರ ಒಳ್ಳೆಯ ಅಭ್ಯಾಸ, ಅದನ್ನು ಬಿಡಿಸಲು ಹೋಗಬೇಡಿ. ಆ ಪಾಯಿಂಟಿಗೆ ಬಲ್ಬಿನ ಬದಲು ಸ್ವಿಚ್ ಬೋರ್ಡಿನ ಹಿಂದೆ ಕೂರುವ ಸ್ಮಾರ್ಟ್ ಸ್ವಿಚ್ ಮಾಡ್ಯೂಲನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸುವುದೇ ಸರಿ.

ಬೆಳಗಿನ 5:30ರ ಶೆಡ್ಯೂಲ್ ಮಾತ್ರ ತಪ್ಪುತ್ತಿದ್ದರೆ, ರಾತ್ರಿ ರೂಟರ್ ಆರಿಸಿ ಮಲಗುತ್ತೀರಾ ಎಂದು ನೋಡಿ. ಕೆಲವು ಸಾಧನಗಳ ಶೆಡ್ಯೂಲ್ ಅವುಗಳೊಳಗೇ ಇರುತ್ತದೆ, ಕೆಲವುದಕ್ಕೆ ಪ್ರತಿ ಸಲ ಸರ್ವರ್‌ನಿಂದ ಆಜ್ಞೆ ಬರಬೇಕು. ನಿಮ್ಮದು ಯಾವುದು ಎಂದು ಹೀಗೆ ತಿಳಿಯಬಹುದು. ಹತ್ತು ನಿಮಿಷದಾಚೆಗೆ ಒಂದು ಶೆಡ್ಯೂಲ್ ಇಟ್ಟು, ಎರಡು ನಿಮಿಷ ಬಿಟ್ಟು ರೂಟರ್ ಆರಿಸಿ ಕಾಯಿರಿ. ಹೊತ್ತಿಗೆ ಸರಿಯಾಗಿ ಹತ್ತಿದರೆ ಅದು ಒಳಗೇ ಇದೆ. ಹತ್ತದಿದ್ದರೆ ರಾತ್ರಿಯಿಡೀ ರೂಟರ್ ಉರಿಯುತ್ತಿರಬೇಕು. ಒಳಗೇ ಇರುವ ಶೆಡ್ಯೂಲ್‌ಗೂ ಒಂದು ಮಿತಿ ಇದೆ. ಇವುಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯ ಗಡಿಯಾರ ಇರುವುದಿಲ್ಲ, ಕರೆಂಟು ಹೋಗಿ ಬಂದಾಗ ಗಂಟೆ ಎಷ್ಟು ಎಂದು ಇಂಟರ್ನೆಟ್ಟನ್ನೇ ಕೇಳಬೇಕು. ರೂಟರ್ ಇನ್ನೂ ಎದ್ದಿಲ್ಲದಿದ್ದರೆ ಅಲ್ಲಿಯವರೆಗೆ ಶೆಡ್ಯೂಲ್ ಕುರುಡು.

ಗೀಸರ್ ಪ್ಲಗ್: ಕರೆಂಟು ಹೋಗಿ ಬಂದಾಗ

ಪ್ಲಗ್‌ಗೆ ಹೆಚ್ಚಾಗಿ ಸಿಕ್ಕಿಸುವುದು ಗೀಸರ್. ಅದಕ್ಕೆ 16 ಆಂಪಿಯರ್ ಪ್ಲಗ್ಗೇ ಬೇಕು. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3000 ವ್ಯಾಟಿನದು 13. ಹತ್ತು ಆಂಪಿಯರ್ ಪ್ಲಗ್‌ನಲ್ಲಿ ಮೊದಲನೆಯದು ಹೇಗೋ ನಡೆದರೂ ಅಂಚಿನಲ್ಲಿ ನಡೆಯುತ್ತದೆ, ಎರಡನೆಯದು ಸುಡುತ್ತದೆ. ಹತ್ತು ನಿಮಿಷ ನಡೆಸಿ, ಆರಿಸಿ, ಪ್ಲಗ್‌ನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಗೋಡೆಯ ಸಾಕೆಟ್ ಸಡಿಲಾಗಿರಬಹುದು, ಅದನ್ನು ಸರಿಪಡಿಸುವವರೆಗೆ ಬಳಸಬೇಡಿ.

ಬೆಳಿಗ್ಗೆ 5:30ಕ್ಕೆ ಹಚ್ಚಿ 5:50ಕ್ಕೆ ಆರಿಸುವ ಶೆಡ್ಯೂಲ್ ಇದೆ. 5:40ಕ್ಕೆ ಕರೆಂಟು ಹೋಯಿತು, 6:30ಕ್ಕೆ ಬಂತು. 5:50ರ ಆಜ್ಞೆ ಕಳೆದುಹೋಯಿತು, ತಪ್ಪಿದ ಶೆಡ್ಯೂಲ್ ಆಮೇಲೆ ತಾನಾಗಿ ನಡೆಯುವುದಿಲ್ಲ. ಪ್ಲಗ್ ಹಿಂದಿನ ಸ್ಥಿತಿಯನ್ನು ನೆನಪಿಟ್ಟಿದ್ದರೆ ಗೀಸರ್ ಮತ್ತೆ ಹತ್ತುತ್ತದೆ, ಮಾರನೆಯ ದಿನ 5:50ರವರೆಗೆ ಆರುವುದೇ ಇಲ್ಲ. ಗೀಸರ್‌ನ ಥರ್ಮೋಸ್ಟಾಟ್ ನೀರನ್ನು ಮಿತಿಯಲ್ಲಿ ಇಟ್ಟರೂ ದಿನವಿಡೀ ಕರೆಂಟು ತಿನ್ನುತ್ತದೆ, ಮನೆಯಲ್ಲಿ ಯಾರೂ ಇಲ್ಲದ ದಿನ ಅದು ಅಪಾಯವೂ ಹೌದು. ಇದಕ್ಕೆ ಸಾಧನದ ಸೆಟ್ಟಿಂಗ್‌ನಲ್ಲಿ Power-on Behavior ಅಥವಾ Relay Status ಎಂಬ ಸಾಲಿದೆ. ಗೀಸರ್ ಪ್ಲಗ್‌ಗೆ ಅದನ್ನು Off ಎಂದೇ ಇಡಿ. ಜೊತೆಗೆ 6:45ಕ್ಕೆ ಒಂದು, 8ಕ್ಕೆ ಇನ್ನೊಂದು OFF ಶೆಡ್ಯೂಲ್ ಸೇರಿಸಿ. ಆಗಲೇ ಆರಿದ್ದರೆ ಅವು ಏನೂ ಮಾಡುವುದಿಲ್ಲ.

ಜಗಲಿಯ ಬಲ್ಬಿಗೆ ಅದೇ ಸಾಲನ್ನು ಹಿಂದಿನ ಸ್ಥಿತಿಗೆ ಬರುವಂತೆ ಇಡಬೇಕು. ಹೊಸ ಬಲ್ಬು ಕರೆಂಟು ಬಂದ ಕೂಡಲೇ ಪೂರ್ತಿ ಬೆಳಕಿನಲ್ಲಿ ಹತ್ತುವಂತೆ ಬಂದಿರುತ್ತದೆ. ರಾತ್ರಿ 2ಕ್ಕೆ ಕರೆಂಟು ಹೋಗಿ ಬಂದರೆ ಮಲಗುವ ಕೋಣೆಯ ದೀಪ ತಾನಾಗಿ ಹತ್ತಿಕೊಳ್ಳುವುದು ಇದರಿಂದಲೇ.

ರೂಟರ್ ಬದಲಿಸುವ ದಿನ ಬಂದರೆ ಹಳೆಯದರ 2.4 ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರನ್ನೂ ಅಕ್ಷರ ತಪ್ಪದೆ ಹೊಸದಕ್ಕೆ ಹಾಕಿ. ಬಲ್ಬು, ಪ್ಲಗ್‌ಗಳು ಯಾವ ರೀಸೆಟ್ಟೂ ಇಲ್ಲದೆ ತಾವಾಗಿ ಬಂದು ಸೇರುತ್ತವೆ, ಶೆಡ್ಯೂಲ್‌ಗಳು ಇದ್ದ ಹಾಗೇ ಉಳಿಯುತ್ತವೆ. ಒಂದು ಅಕ್ಷರ ದೊಡ್ಡದು ಚಿಕ್ಕದಾದರೂ ಎಲ್ಲವನ್ನೂ ಒಂದೊಂದಾಗಿ ಮಿಣುಕಿಸಿ ಮತ್ತೆ ಜೋಡಿಸಬೇಕಾಗುತ್ತದೆ.